ಎಡಗಾಲಿನ ತಪ್ಪನ್ನು ರನ್‌ಅಪ್‌ನಲ್ಲಿ ಹಿಡಿದದ್ದು: ನನ್ನ ಅನುಭವ

ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ಊರಿನವರ ಹುಡುಗನೊಬ್ಬ, ವಯಸ್ಸು ಹದಿನೇಳು, ಬಲಗೈ ವೇಗದ ಬೌಲರ್. ಎತ್ತರ ಇದೆ, ಭುಜದಲ್ಲಿ ಬಲ ಇದೆ. ಆದರೆ ಓವರಿಗೆ ಒಂದಾದರೂ ನೋಬಾಲ್, ಚೆಂಡು ಲೆಗ್‌ಸ್ಟಂಪಿನ ಹೊರಗೆ, ಸೊಂಟದ ಎಡಬದಿಯಲ್ಲಿ ನೋವು. ಆಜಾದ್ ಮೈದಾನದಲ್ಲಿ ನೋಡಿದವರೆಲ್ಲ ಹೇಳಿದ್ದು ಒಂದೇ: ಈ ವಯಸ್ಸಿನಲ್ಲಿ ಆಕ್ಷನ್ ಮುಟ್ಟಬೇಡಿ, ಇದ್ದ ವೇಗವೂ ಹೋಗುತ್ತದೆ. ಒಂದು ಮಳೆಗಾಲ ಮುಗಿಯುವುದರೊಳಗೆ ಅವನ ಎಡಗಾಲು ನೇರವಾಗಿ ಬೀಳತೊಡಗಿತು. ವೇಗ ಹೋಗಲಿಲ್ಲ. ಈಗ ಕೀಪರ್ ಮೊದಲಿಗಿಂತ ಎರಡು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಅನುಮಾನಪಟ್ಟವರಲ್ಲೇ ಇಬ್ಬರು ತಮ್ಮ ಹುಡುಗರನ್ನು ನನ್ನ ಹತ್ತಿರ ಕಳಿಸಿದ್ದಾರೆ.

ಮೊದಲು ತಪ್ಪು ಏನೆಂದು ಹೇಳುತ್ತೇನೆ. ಬಲಗಾಲು ಬಿದ್ದ ಜಾಗದಿಂದ ಎದುರಿನ ಸ್ಟಂಪಿಗೆ ಒಂದು ಗೆರೆ ಎಳೆಯಿರಿ. ಎಡಗಾಲು ಆ ಗೆರೆಯ ಮೇಲೆ, ಅಥವಾ ಅರ್ಧ ಪಾದ ಆಚೀಚೆ ಬೀಳಬೇಕು. ಇವನದು ಗೆರೆ ದಾಟಿ ಬಲಕ್ಕೆ, ಅಂದರೆ ಪಿಚ್ಚಿನ ನಡುವಿನ ಕಡೆಗೆ, ಒಂದು ಗೇಣು ಹೆಚ್ಚೇ ಬೀಳುತ್ತಿತ್ತು. ಆಗ ಸೊಂಟ ಅಡ್ಡ ನಿಂತುಬಿಡುತ್ತದೆ, ಮುಂದೆ ತಿರುಗಲು ದಾರಿ ಇರುವುದಿಲ್ಲ. ಭುಜ ಮಾತ್ರ ತಿರುಗಬೇಕು, ಅದಕ್ಕೆ ಮೈ ಎಡಕ್ಕೆ ವಾಲಬೇಕು. ಚೆಂಡು ಲೆಗ್ ಕಡೆ ಹೋಗುವುದೂ ಬೆನ್ನಿನ ಕೆಳಭಾಗ ಹಿಂಡಿದಂತಾಗುವುದೂ ಇದರಿಂದಲೇ. ಬಲಗೈ ಬೌಲರಿಗೆ ಎಡಬದಿಯಲ್ಲಿ, ಒಂದೇ ಜಾಗದಲ್ಲಿ ಬಿಡದೆ ನೋವು ಬಂದರೆ ಚೆಂಡು ಕೆಳಗಿಡಿಸಿ ಡಾಕ್ಟರಿಗೆ ತೋರಿಸಬೇಕು. ಎಲುಬಿನ ಸಣ್ಣ ಬಿರುಕು ಹೆಚ್ಚಾಗಿ ಅಲ್ಲೇ ಬರುತ್ತದೆ. ಇವನಿಗೂ ಎಂಆರ್‌ಐ ಮಾಡಿಸಿದೆವು, ಆರೇಳು ಸಾವಿರ ಹೋಯಿತು. ಎಲುಬು ಸರಿ ಇತ್ತು, ಸ್ನಾಯುವಿನ ನೋವು ಮಾತ್ರ. ಆಮೇಲೆಯೇ ಕೆಲಸ ಶುರು.

ನಾನು ಹಿಡಿಯುವ ಮುಂಚೆ ಅವನ ಅಪ್ಪ ಒಂದು ಕೋಚಿಂಗ್ ಶಿಬಿರಕ್ಕೆ ಹದಿನೈದು ಸಾವಿರದ ಹತ್ತಿರ ಕಟ್ಟಿದ್ದರು. ಅಲ್ಲಿ ಎಡಗಾಲು ಬೀಳುವ ಕಡೆ ಕೋನ್ ಇಟ್ಟು, ಅದನ್ನು ಮುಟ್ಟದಂತೆ ಕಾಲಿಡು ಎಂದರು. ಹುಡುಗ ಕೋನ್ ನೋಡಿಕೊಂಡೇ ಓಡಿದ. ತಲೆ ಕೆಳಗೆ ಹೋಯಿತು, ಕೋನ್ ತೆಗೆದ ಮರುಕ್ಷಣ ಕಾಲು ಹಳೆಯ ಜಾಗಕ್ಕೇ ಹೋಯಿತು. ಹೊಸ ಸ್ಪೈಕ್ಸ್‌ಗೆ ನಾಲ್ಕು ಸಾವಿರ ಬೇರೆ. ಹಳೆಯ ಜೋಡಿಯಲ್ಲಿ ಎಡ ಶೂವಿನ ಹೊರ ಅಂಚು ಮಾತ್ರ ಸವೆದಿತ್ತು. ಅದನ್ನು ಯಾರಾದರೂ ಮಗುಚಿ ನೋಡಿದ್ದರೆ ಸಾಕಿತ್ತು, ಪಾದ ಅಡ್ಡ ಬಿದ್ದು ಅಲ್ಲೇ ತಿರುಚುತ್ತಿದೆ ಎಂದು ತಿಳಿಯುತ್ತಿತ್ತು.

ನಾನು ಮಾಡಿದ್ದು ಹಿಂದಕ್ಕೆ ಹುಡುಕುತ್ತ ಹೋಗುವುದು. ಮೈದಾನದ ಮಾಳಿಯಿಂದ ಗೆರೆ ಎಳೆಯುವ ಫಕ್ಕಿ ಒಂದು ಡಬ್ಬಿ ತಗೊಂಡು ಕ್ರೀಸಿನ ಸುತ್ತ ತೆಳುವಾಗಿ ಉದುರಿಸಿದೆ. ಒಂದು ಓವರ್ ಹಾಕಿದ ಮೇಲೆ ಬಿಳಿ ಪುಡಿಯಲ್ಲಿ ಹೆಜ್ಜೆಗಳೇ ಎಲ್ಲ ಹೇಳಿದವು. ಎಡಗಾಲು ಒಳಗೆ ಬರುತ್ತಿದ್ದದ್ದಕ್ಕೆ ಕಾರಣ ಬಲಗಾಲು. ಚೆಂಡು ಬಿಡುವ ಮುಂಚಿನ ಜಂಪ್ ಎಡಕ್ಕೆ ಹಾರುತ್ತಿತ್ತು, ಬಲಗಾಲು ಸ್ಟಂಪಿನಿಂದ ದೂರ ಬೀಳುತ್ತಿತ್ತು, ಗುರಿಯ ಕಡೆಗೆ ಮರಳಲು ಎಡಗಾಲು ಗೆರೆ ದಾಟಲೇಬೇಕಿತ್ತು. ಜಂಪ್ ಯಾಕೆ ಓರೆಯಾಯಿತು? ಕೊನೆಯ ಮೂರು ಹೆಜ್ಜೆ ನೋಡಿ: ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ. ಇಪ್ಪತ್ನಾಲ್ಕು ಹೆಜ್ಜೆಯ ರನ್‌ಅಪ್ಪು, ಗುರುತು ಹಾಕುತ್ತಿದ್ದದ್ದು ನಡೆದು ಎಣಿಸಿ. ನಡೆಯುವ ಹೆಜ್ಜೆ ದಿನಕ್ಕೊಂದು ಅಳತೆ ಇರುತ್ತದೆ. ಕ್ರೀಸ್ ಹತ್ತಿರ ಬಂದಾಗ ಲೆಕ್ಕ ತಪ್ಪುತ್ತಿತ್ತು, ತುಂಬಿಕೊಳ್ಳಲು ಹಾರುತ್ತಿದ್ದ. ನೋಬಾಲೂ ಅಲ್ಲಿಂದಲೇ.

ಹಾಗಾಗಿ ಎಡಗಾಲನ್ನು ನಾನು ಮುಟ್ಟಲೇ ಇಲ್ಲ. ಪಾಪಿಂಗ್ ಕ್ರೀಸಿನಿಂದ ಬೌಂಡರಿ ಕಡೆಗೆ ಮುಖ ಮಾಡಿ ನಿಲ್ಲಿಸಿ, ಕಣ್ಣು ಮುಂದಿಟ್ಟು ಓಡು, ಮೈ ಕೇಳಿದಾಗ ಚೆಂಡು ಬಿಡು ಎಂದೆ. ಚೆಂಡು ಬಿಟ್ಟಾಗ ಎಡಗಾಲು ಬಿದ್ದ ಜಾಗಕ್ಕೆ ಒಂದು ಕಡ್ಡಿ ಚುಚ್ಚಿದೆ. ಏಳೆಂಟು ಸಲ ಓಡಿಸಿದಾಗ ಕಡ್ಡಿಗಳು ಒಂದು ಜಾಗದಲ್ಲಿ ಗುಂಪಾದವು. ಗುಂಪಿನ ನಡುವಿಗೆ ಟೇಪ್ ಹಿಡಿದರೆ ಸುಮಾರು ಇಪ್ಪತ್ತೊಂದು ಮೀಟರ್, ಹದಿನೇಳು ಹೆಜ್ಜೆ. ಅದೇ ಅವನ ರನ್‌ಅಪ್. ಈಗ ಕಿಟ್‌ಬ್ಯಾಗಿನಲ್ಲಿ ಆ ಅಳತೆಯ ಹಗ್ಗವೇ ಇದೆ.

ಎರಡನೇ ಗುರುತು ನನಗಾಗಿ, ಅವನಿಗಲ್ಲ. ಜಂಪಿಗೆ ಎಡಗಾಲು ಒತ್ತುವ ಜಾಗ, ಕ್ರೀಸಿನಿಂದ ಹನ್ನೊಂದು ಅಡಿ ಹಿಂದೆ. ಅಲ್ಲಿ ಪಕ್ಕದಲ್ಲಿ ನಾನು ನಿಲ್ಲುತ್ತಿದ್ದೆ. ಕಾಲು ಗುರುತಿಗಿಂತ ಮುಂದೆ ಬಂದರೆ ಆರಂಭದ ಗುರುತು ಒಂದು ಪಾದ ಹಿಂದೆ. ಹುಡುಗ ನೆಲ ನೋಡಕೂಡದು. “ಮಾಮ, ಕಾಲು ಎಲ್ಲಿ ಬಿತ್ತು?” ಎಂದು ಪ್ರತಿ ಚೆಂಡಿಗೂ ಕೇಳುತ್ತಿದ್ದ. “ಅದು ನನ್ನ ಕೆಲಸ ಮಾರಾಯ, ನೀನು ಸ್ಟಂಪ್ ನೋಡು” ಎನ್ನುತ್ತಿದ್ದೆ.

ಲಯಕ್ಕೆ ಏನೇನೋ ಮಾಡಿ ನೋಡಿದೆ. ಜುಹು ಮರಳಿನಲ್ಲಿ ಬರಿಗಾಲಲ್ಲಿ ಓಡಿಸಿದೆ, ಕಾಲು ಬಲವಾಯಿತು, ಆದರೆ ಹೆಜ್ಜೆ ಭಾರವಾಯಿತು. ಫೋನಿನಲ್ಲಿ ತಾಳದ ಸದ್ದು ಹಾಕಿದೆ, ರನ್‌ಅಪ್ ಅಂದರೆ ವೇಗ ಏರುತ್ತ ಹೋಗಬೇಕು, ಒಂದೇ ತಾಳಕ್ಕೆ ಅದು ಕೂಡಲಿಲ್ಲ. ಬುಮ್ರಾ ಅವರ ಹಾಗೆ ಗಿಡ್ಡ ರನ್‌ಅಪ್ ಬೇಕೆಂದು ಹುಡುಗನೇ ಒಂದು ವಾರ ಹಟ ಹಿಡಿದ. ಆ ಕೈ, ಆ ಗಟ್ಟಿ ಮುಂಗಾಲು ಇಲ್ಲದೆ ಅದರಲ್ಲಿ ವೇಗ ಹುಟ್ಟುವುದಿಲ್ಲ, ತಾನೇ ಬಿಟ್ಟ. ಕೊನೆಗೆ ಹಿಡಿದದ್ದು ಸರಳ: ಮೊದಲ ನಾಲ್ಕು ಹೆಜ್ಜೆ ನಿಧಾನ, ಆಮೇಲೆ ಏರಿಕೆ, ಕೊನೆಯ ಮೂರರಲ್ಲಿ ಹೊಸದಾಗಿ ಏನೂ ಸೇರಿಸಬಾರದು. ಜಂಪ್ ಮೇಲಕ್ಕಲ್ಲ, ಮುಂದಕ್ಕೆ. ಜಂಪಿನ ಮುಂಚೆ ಎಡ ಮೊಣಕೈಗೆ ನಾನು ಕೊಡುವ ಒಂದು ಸೂಚನೆ ಇದೆ. ಅದನ್ನು ಬರೆಯುವುದಿಲ್ಲ. ಕಣ್ಣಮುಂದೆ ನೋಡದೆ ಮಾಡಿದರೆ ಭುಜ ಕೆಡುತ್ತದೆ.

ಬಲಗಾಲು ನೇರ ಬಿದ್ದದ್ದೇ ಎಡಗಾಲು ತಾನಾಗಿ ಗೆರೆಗೆ ಬಂತು. ಮೊಣಕಾಲು ಬಗ್ಗುವುದು ಮಾತ್ರ ಉಳಿದಿತ್ತು. ಅದನ್ನು ಲಾಕ್ ಮಾಡು ಎಂದು ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ. ಮುಂಗಾಲಿನ ಮೇಲೆ ಬೀಳುವ ಹೊರೆ ಮೈತೂಕದ ಹಲವು ಪಟ್ಟು. ಹದಿನೇಳರ ಹುಡುಗ ಬೇಕೆಂದೇ ಕಾಲು ಸೆಟೆದರೆ ಆ ಪೆಟ್ಟು ಸೀದಾ ಬೆನ್ನಿಗೆ. ಹಿಮ್ಮಡಿ ಮೊದಲು ಇಡು, ಎಡಗೈ ಸೊಂಟದ ಪಕ್ಕ ಎಳೆದುಕೋ, ಇಷ್ಟೇ ಹೇಳಿದೆ. ಐದು ಹೆಜ್ಜೆಯಿಂದ ದಿನಕ್ಕೆ ಇಪ್ಪತ್ತೈದು ಮೂವತ್ತು ಚೆಂಡು, ಅದಕ್ಕಿಂತ ಹೆಚ್ಚಿಲ್ಲ. ಫೋನಿನ ಸ್ಲೋಮೋಷನ್ನಿನಲ್ಲಿ ಪಕ್ಕದಿಂದ ನೋಡಿದಾಗ, ಚೆಂಡು ಬಿಡುವ ಹೊತ್ತಿಗೆ ಸ್ವಲ್ಪ ಬಗ್ಗಿದ ಮೊಣಕಾಲು ನೆಟ್ಟಗಾಗುತ್ತಿತ್ತು. ಮೇಲಿನ ಮೈ ಆ ಕಾಲಿನ ಮೇಲಿಂದ ಮುಂದೆ ಚಿಮ್ಮುತ್ತಿತ್ತು. ವೇಗ ಹೆಚ್ಚಿದ್ದು ಇಲ್ಲಿಂದ.

ಫಾಲೋ ಥ್ರೂಗೆ ಬೇರೆ ಪಾಠ ಬೇಕಾಗಲಿಲ್ಲ. ಮೊದಲು ಎಡಕ್ಕೆ ವಾಲಿ ಬೀಳುತ್ತಿದ್ದ, ಸಾವರಿಸಿಕೊಳ್ಳಲು ಮರಳಿ ಪಿಚ್ಚಿನ ನಡುವೆ ಓಡುತ್ತಿದ್ದ. ಪಾಪಿಂಗ್ ಕ್ರೀಸಿನಿಂದ ಐದು ಅಡಿ ಮುಂದೆ, ನಡುಗೆರೆಯ ಎರಡೂ ಬದಿಗೆ ಒಂದೊಂದು ಅಡಿ, ಅಲ್ಲಿಂದಾಚೆಯ ಆ ಜಾಗದಲ್ಲಿ ಕಾಲಿಟ್ಟರೆ ಅಂಪೈರ್ ಬಿಡುವುದಿಲ್ಲ. ಮಳೆಗಾಲದ ಕಾಂಗಾ ಲೀಗಿನ ಒದ್ದೆ ಪಿಚ್ಚಿನಲ್ಲಂತೂ ಒಂದೇ ಹೆಜ್ಜೆಗೆ ಗುಂಡಿ ಬೀಳುತ್ತದೆ. ಈಗ ಬಲ ಭುಜ ಬ್ಯಾಟ್ಸ್‌ಮನ್ ಕಡೆಗೆ ಬಂದು, ಬಲಗಾಲು ಎಡಗಾಲನ್ನು ದಾಟಿ ಮುಂದೆ ಬೀಳುತ್ತದೆ, ಆಮೇಲೆ ಎರಡು ಹೆಜ್ಜೆಯಲ್ಲಿ ಪಿಚ್ಚಿನಿಂದ ಹೊರಗೆ.

ನೆಲ ಒದ್ದೆಯಿದ್ದಾಗ ಹೆಜ್ಜೆ ಗಿಡ್ಡವಾಗುತ್ತದೆ. ಅಂಥ ದಿನ ಆರಂಭದ ಗುರುತನ್ನು ಅರ್ಧ ಪಾದದಿಂದ ಒಂದು ಪಾದ ಮುಂದೆ ತರುತ್ತೇವೆ. ಎದುರುಗಾಳಿಗೂ ಹಾಗೆಯೇ, ಹಿಂಗಾಳಿ ಇದ್ದರೆ ಅಷ್ಟೇ ಹಿಂದಕ್ಕೆ. ಪಂದ್ಯಕ್ಕೆ ಮುಂಚೆ ಚೆಂಡಿಲ್ಲದೆ ಮೂರು ನಾಲ್ಕು ಸಲ ಓಡಿ ನೋಡಿದರೆ ಎಷ್ಟು ಸರಿಸಬೇಕೆಂದು ತಿಳಿಯುತ್ತದೆ.