ಎಲೆ ಲೆಕ್ಕ ಬಿಟ್ಟ ದಿನ

ಮಧುಗಿರಿ ಸುತ್ತಿನ ಹಳ್ಳಿಗಳಲ್ಲಿ ಹದಿನಾರು ವರ್ಷ ಮದುವೆ, ತಿಥಿ, ಗೃಹಪ್ರವೇಶದ ಅಡುಗೆ ಮಾಡಿದವನು ನಾನು. ‘ಮುನ್ನೂರು ಎಲೆ’ ಅಂತ ಯಾರಾದರೂ ಅಂದರೆ ಸಾಕು, ಬೇಳೆ ಎಷ್ಟು, ಬೆಲ್ಲ ಎಷ್ಟು, ಸೌದೆ ಎಷ್ಟು ಅಂತ ಅಲ್ಲೇ ನಿಂತು ಚೀಟಿ ಬರೆಸುತ್ತಿದ್ದೆ. ಜಾತಿಯಲ್ಲಿ ಭಟ್ಟನಲ್ಲ, ಆದರೆ ನಮ್ಮ ಕಡೆ ಸೌಟು ಹಿಡಿದವರೆಲ್ಲ ಭಟ್ರೇ.

ಒಂದು ಏಪ್ರಿಲ್‌ನಲ್ಲಿ ತುಮಕೂರು ದಾಟಿ ಶಿರಾ ಕಡೆ ಹೋಗುವ ಹೆದ್ದಾರಿಯ ಹೋಟೆಲೊಂದರಿಂದ ಕರೆ ಬಂತು. ರಸ್ತೆಗೆ ಈಗ 48 ಅಂತ ನಂಬರು, ನಮ್ಮೋರ ಬಾಯಲ್ಲಿ ಮಾತ್ರ ಇನ್ನೂ ಎನ್.ಎಚ್. ನಾಲ್ಕೇ. ಅಲ್ಲಿದ್ದ ಭಟ್ಟರು ಹೇಳದೆ ಕೇಳದೆ ಊರಿಗೆ ಹೊರಟುಹೋಗಿದ್ದರು. ಯಜಮಾನರು ಯಾವುದೋ ಮದುವೆಯಲ್ಲಿ ನನ್ನ ಕೈಯಡುಗೆ ಉಂಡಿದ್ದರಂತೆ.

“ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೀತೀವಿ ಭಟ್ರೇ. ಎಷ್ಟು ಜನ ಬರ್ತಾರೆ ಅಂತ ಮಾತ್ರ ಕೇಳಬೇಡಿ” ಅಂದರು.

ನಾನು ಕೇಳೋಕೆ ಬಾಯಿ ತೆರೆದಿದ್ದು ಅದನ್ನೇ. ಸುಮ್ಮನಾಗಿ, ಮುನ್ನೂರು ಎಲೆ ಅಂತ ಮನಸ್ಸಿನಲ್ಲೇ ಲೆಕ್ಕ ಕಟ್ಟಿದೆ. ಅವತ್ತಿನ ತಪ್ಪುಗಳೆಲ್ಲ ಆ ಒಂದು ಲೆಕ್ಕದಿಂದ ಹುಟ್ಟಿದವು.

ಮದುವೆ ಅಡುಗೆಯಲ್ಲಿ ಎಲ್ಲ ಪದಾರ್ಥವೂ ಒಟ್ಟಿಗೆ ಇಳಿಯಬೇಕು. ಮೊದಲ ಪಂಕ್ತಿ ಕೂತಾಗ ಒಲೆ ಮೇಲೆ ಏನೂ ಉಳಿದಿರಬಾರದು, ಅದೇ ಭಟ್ಟನ ಮರ್ಯಾದೆ. ಹಾಗಾಗಿ ಬೆಳಗಿನ ಜಾವ ಮೂರೂವರೆಗೆ ಎದ್ದು ಇಡ್ಲಿ ಸ್ಟೀಮರ್ ಹಚ್ಚಿದೆ. ಆರು ತಟ್ಟೆ, ತಟ್ಟೆಗೆ ಹನ್ನೆರಡು, ಒಂದು ಸಲಕ್ಕೆ 72 ಇಡ್ಲಿ. ನಾಲ್ಕು ಸಲ ಬೇಯಿಸಿ, ಆರು ಗಂಟೆಗೆ ಮೊದಲೇ 288 ಇಡ್ಲಿಯನ್ನು ಹಾಟ್‌ಬಾಕ್ಸಿಗೆ ತುಂಬಿ, ಒದ್ದೆ ಬಟ್ಟೆ ಮುಚ್ಚಿದೆ. ಹಿಟ್ಟು ಚೆನ್ನಾಗಿ ಹುಳಿ ಬಂದಿತ್ತು, ಇಡ್ಲಿ ಹತ್ತಿಯ ಹಾಗಿತ್ತು. ದೋಸೆ ಮಾಸ್ಟರ್ರು ಬಾಕ್ಸ್ ಕಡೆ ನೋಡಿದರು, ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಕಾವಲಿಗೆ ಈರುಳ್ಳಿ ಉಜ್ಜುತ್ತಾ ನಿಂತರು.

ಏಳೂಮುಕ್ಕಾಲಿಗೆ ಮೊದಲ ಪ್ಲೇಟು ವಾಪಸ್ ಬಂತು. ಸಪ್ಲೈಯರ್ ಹುಡುಗ, “ಪಿಚಪಿಚ ಅಂತಿದೆಯಂತೆ ಭಟ್ರೇ” ಅಂದ. ನಾನು ನಂಬಲಿಲ್ಲ. ಬಾಕ್ಸಿನ ತಳಕ್ಕೆ ಕೈಹಾಕಿದೆ. ಮೇಲಿನ ಎರಡು ಸಾಲು ಚೆನ್ನಾಗಿತ್ತು. ಕೆಳಗಿನವು ಮೇಲಿನ ಭಾರಕ್ಕೆ ಚಪ್ಪಟೆಯಾಗಿದ್ದವು, ಒಂದಕ್ಕೊಂದು ಅಂಟಿದ್ದವು. ಬಿಸಿ ಇಡ್ಲಿಯ ಹಬೆ ಮುಚ್ಚಳಕ್ಕೆ ತಾಗಿ, ನೀರಾಗಿ, ಅವುಗಳ ಮೇಲೇ ತೊಟ್ಟಿಕ್ಕಿತ್ತು. ಬಟ್ಟೆಯೂ ಒದ್ದೆ, ಅದು ಆ ನೀರನ್ನು ಎಲ್ಲಿಂದ ಹೀರೀತು? ಮದುವೆಯಲ್ಲಿ ಇದು ಯಾವತ್ತೂ ಕಂಡಿರಲಿಲ್ಲ, ಯಾಕೆಂದರೆ ಅಲ್ಲಿ ಅರ್ಧ ಗಂಟೆಯೊಳಗೆ ಬಾಕ್ಸ್ ಖಾಲಿ.

ನೂರರ ಹತ್ತಿರ ಇಡ್ಲಿ ಪಕ್ಕಕ್ಕೆ ಹೋದವು. ಆಮೇಲೆ ದೋಸೆ ಮಾಸ್ಟರ್ರು ಬಾಯಿ ಬಿಟ್ಟರು. “ಹಿಟ್ಟು ಕಾಯುತ್ತೆ ಭಟ್ರೇ, ಇಡ್ಲಿ ಕಾಯಲ್ಲ.” ಮೊದಲೇ ಹೇಳಬಹುದಿತ್ತಲ್ಲ ಅಂದೆ. “ಕೇಳ್ತಿದ್ರಾ?” ಅಂದರು. ಕೇಳುತ್ತಿರಲಿಲ್ಲ, ಅದು ನಿಜ.

ಇಡ್ಲಿ ಬೇಯಲು ಹನ್ನೆರಡು ನಿಮಿಷ, ಆರಿಸಿ ತಟ್ಟೆಯಿಂದ ಬಿಡಿಸಲು ಮತ್ತೆ ಮೂರು. ಅಂದರೆ ಬಾಕ್ಸಿನಲ್ಲಿ ಒಂದು ಬ್ಯಾಚು, ಸ್ಟೀಮರಿನಲ್ಲಿ ಒಂದು ಬ್ಯಾಚು ಇದ್ದರೆ ಸಾಕು. ಬಾಕ್ಸ್ ಅರ್ಧಕ್ಕೆ ಇಳಿದಾಗ ಮುಂದಿನದನ್ನು ಹಚ್ಚಬೇಕು. ಬಾಕ್ಸಿಗೆ ಒಣಬಟ್ಟೆ, ಮುಚ್ಚಳ ಒಂದು ಬೆರಳಿನಷ್ಟು ಓರೆ. ಹಿಟ್ಟು ಕಾಯುತ್ತೆ ಅನ್ನುವುದಕ್ಕೂ ಮಿತಿ ಇದೆ. ಶಿರಾ ಕಡೆಯ ಏಪ್ರಿಲ್ ಸೆಕೆಗೆ ರಾತ್ರಿ ಒಂಬತ್ತಕ್ಕೆ ರುಬ್ಬಿದ ಹಿಟ್ಟು ನಾಲ್ಕಕ್ಕೆಲ್ಲ ಉಕ್ಕಿ ನಿಲ್ಲುತ್ತದೆ. ಹೊರಗೇ ಬಿಟ್ಟರೆ ಹತ್ತರ ಹೊತ್ತಿಗೆ ಮೂಗಿಗೆ ಹುಳಿ ಹೊಡೆಯುತ್ತದೆ, ನಡು ಕುಸಿಯುತ್ತದೆ. ಈಗ ನಾನು ಉಕ್ಕಿದ ತಕ್ಷಣ ಅರ್ಧ ಹಿಟ್ಟನ್ನು ಕಲಕದೆ, ಪಾತ್ರೆ ಸಮೇತ ಫ್ರಿಡ್ಜಿಗೆ ಸೇರಿಸುತ್ತೇನೆ. ಕಲಕಿದರೆ ಒಳಗಿನ ಗಾಳಿ ಹೋಗುತ್ತದೆ, ಇಡ್ಲಿ ಕಲ್ಲಾಗುತ್ತದೆ.

ಇಡ್ಲಿಯ ಗಲಾಟೆ ಮುಗಿಯುವಷ್ಟರಲ್ಲಿ ಸಾಂಬಾರಿನದು ಶುರುವಾಯಿತು. ಜಾವದಲ್ಲಿ ನಾನು ದೊಡ್ಡ ಕೊಪ್ಪರಿಗೆಯಲ್ಲಿ 40 ಲೀಟರ್ ಸಾಂಬಾರ್ ಮಾಡಿ, ರುಚಿ ನೋಡಿ, ಉಪ್ಪು ಸರಿ ಅಂತ ತೀರ್ಮಾನಿಸಿ, ಸಣ್ಣ ಉರಿಯ ಮೇಲೆ ಬಿಟ್ಟಿದ್ದೆ. ಗಿರಾಕಿಗೆ ಬಿಸಿ ಬೇಕಲ್ಲ. ಒಂಬತ್ತೂವರೆಗೆ ಕ್ಯಾಷಿಯರ್ ಎದ್ದು ಒಳಗೆ ಬಂದು, “ಉಪ್ಪು ಎರಡು ಸಲ ಹಾಕಿದ್ರಾ?” ಅಂದ. ಇಲ್ಲ ಅಂದೆ. ನಾಲಿಗೆಗೆ ಹಚ್ಚಿಕೊಂಡೆ. ಎರಡು ಸಲ ಹಾಕಿದ ಹಾಗೇ ಇತ್ತು.

ಬೆಳಗಿನಿಂದ ಹತ್ತು ಲೀಟರ್ ಖರ್ಚಾಗಿತ್ತು, ಅಂದರೆ ಮೂವತ್ತು ಇರಬೇಕು. ಕೊಪ್ಪರಿಗೆಯಲ್ಲಿ ಇದ್ದದ್ದು ಇಪ್ಪತ್ನಾಲ್ಕರ ಗೆರೆಗೆ. ಆರು ಲೀಟರ್ ಬರೀ ನೀರು ಆವಿಯಾಗಿ ಹೋಗಿತ್ತು, ಅದರ ಉಪ್ಪು, ಹುಳಿ, ಖಾರ ಎಲ್ಲ ಉಳಿದದ್ದಕ್ಕೆ ಸೇರಿತ್ತು. ಲೀಟರಿಗೆ ಹತ್ತು ಗ್ರಾಂ ಇದ್ದ ಉಪ್ಪು ಹನ್ನೆರಡೂವರೆ ಆಗಿತ್ತು. ಕೇಳೋಕೆ ಸಣ್ಣ ವ್ಯತ್ಯಾಸ, ನಾಲಿಗೆಗೆ ಅಲ್ಲ. ನಾನು ಬಿಸಿನೀರು ಸುರಿಯಲು ಚೊಂಬು ಎತ್ತಿದೆ.

“ನೀರು ಹುಯ್ಯಬೇಡ ಕಣಣ್ಣ” ಅಂತ ಹಿಂದಿನಿಂದ ಧ್ವನಿ ಬಂತು. ಪಾತ್ರೆ ತೊಳೆಯುವ ಅಕ್ಕ. ಹನ್ನೊಂದು ವರ್ಷದಿಂದ ಅದೇ ನಲ್ಲಿಯ ಮುಂದೆ ಕೂತವರು, ಐದು ಜನ ಭಟ್ಟರನ್ನು ಕಂಡವರು. “ನೀರು ಹುಯ್ದ್ರೆ ಉಪ್ಪೇನೋ ಇಳೀತದೆ, ಸಾಂಬಾರು ಸಾಂಬಾರಾಗಿರಲ್ಲ. ಹಳೇ ಭಟ್ರು ಉಪ್ಪು ಹಾಕ್ದಿರೋ ಬೇಳೆ ಒಂದು ಪಾತ್ರೆ ಬೇರೆ ಇಡ್ತಿದ್ರು. ದಿನಾ ನಾನೇ ತೊಳೀತಿದ್ನಲ್ಲ ಆ ಪಾತ್ರೆಯ.”

ಅವತ್ತು ಅಂಥ ಪಾತ್ರೆ ಇರಲಿಲ್ಲ. ಕುಕ್ಕರಿನಲ್ಲಿ ತೊಗರಿಬೇಳೆ ಕೂಗಿಸಿ, ಕಡೆದು, ಆರು ಲೀಟರಿಗೆ ತೆಳ್ಳಗೆ ಮಾಡಿ ಬೆರೆಸಿದೆ. ಉಪ್ಪು ಮತ್ತೆ ಹತ್ತಕ್ಕೆ ಬಂತು, ಗಟ್ಟಿತನವೂ ಕೆಡಲಿಲ್ಲ. ಆದರೆ ಬಾಯಿಗೆ ಇಟ್ಟರೆ ಸತ್ತ ಸಾಂಬಾರು. ಐದು ಗಂಟೆ ಕುದಿದ ಮೇಲೆ ಕೊತ್ತಂಬರಿ, ಇಂಗು, ಕರಿಬೇವಿನ ಘಮ ಎಲ್ಲಿ ಉಳಿಯುತ್ತದೆ? ಸ್ವಲ್ಪ ಸಾಂಬಾರ್ ಪುಡಿಯನ್ನು ಎಣ್ಣೆಯಲ್ಲಿ ಬಾಡಿಸಿ ಹಾಕಿ, ಹೊಸ ಒಗ್ಗರಣೆ ಕೊಟ್ಟ ಮೇಲೆ ಜೀವ ಬಂತು. ಆವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ಬೆಂದ ಬೇಳೆಯನ್ನು ಉಪ್ಪಿಲ್ಲದೆ ಒಂದು ಪಾತ್ರೆಯಲ್ಲಿ, ತರಕಾರಿ ಮತ್ತು ಹುಣಸೆಯದು ಇನ್ನೊಂದರಲ್ಲಿ ಇಡುತ್ತೇನೆ. ಸೇರಿಸಿ, ಉಪ್ಪು ಹಾಕಿ, ಒಗ್ಗರಣೆ ಕೊಡುವುದು ಎಂಟು ಎಂಟು ಲೀಟರ್ ಮಾತ್ರ. ಅದು ಹೆಚ್ಚೆಂದರೆ ಮುಕ್ಕಾಲು ಗಂಟೆ ಬಾಳುತ್ತದೆ, ಕೆಡುವಷ್ಟು ಹೊತ್ತು ಉಳಿಯುವುದೇ ಇಲ್ಲ.

ಇವೆರಡನ್ನೂ ನಾನೇ ಕೂತು ಯೋಚಿಸಿದ್ದರೆ ವಾರದಲ್ಲಿ ಕಲಿಯುತ್ತಿದ್ದೆನೇನೋ. ಬಸ್ಸಿನ ವಿಷಯ ಮಾತ್ರ ಯಾವ ಮದುವೆ ಮನೆಯಲ್ಲೂ ಕಲಿಯಲು ಆಗುತ್ತಿರಲಿಲ್ಲ.

ಹತ್ತೂಕಾಲಿಗೆ ಹುಬ್ಬಳ್ಳಿ ಕಡೆ ಹೊರಟ ಟೂರಿಸ್ಟ್ ಬಸ್ಸೊಂದು ನಿಂತಿತು, 48 ಜನ. ಐದೇ ನಿಮಿಷದಲ್ಲಿ ನಲವತ್ತು ಮಸಾಲೆ ದೋಸೆಯ ಟೋಕನ್. ನಮ್ಮ ಕಾವಲಿಯ ಮೇಲೆ ಒಂದು ಸಲಕ್ಕೆ ಆರು ದೋಸೆ. ನೀರು ಚಿಮುಕಿಸಿ, ಪೊರಕೆಯಲ್ಲಿ ಸವರಿ, ಹುಯ್ದು, ಪಲ್ಯ ಇಟ್ಟು, ಮಡಚಿ ತೆಗೆಯಲು ನಾಲ್ಕು ನಿಮಿಷ. ನಲವತ್ತಕ್ಕೆ ಏಳು ಸುತ್ತು, ಇಪ್ಪತ್ತೆಂಟು ನಿಮಿಷ, ಎಲ್ಲೂ ತಡವರಿಸದಿದ್ದರೆ. ಬಸ್ಸು ನಿಲ್ಲುವುದು ಇಪ್ಪತ್ತೈದು ನಿಮಿಷ.

ನಾನು ಉರಿ ಜಾಸ್ತಿ ಮಾಡಿಸಿದೆ. ಮಾಸ್ಟರ್ರು ಬೇಡ ಅಂದರು, ನಾನೇ ನಾಬ್ ತಿರುಗಿಸಿದೆ. ಕಾವಲಿ ಅತಿ ಕಾದರೆ ಹಿಟ್ಟು ಬಿದ್ದ ಕೂಡಲೇ ಕಚ್ಚಿಕೊಳ್ಳುತ್ತದೆ, ಹರಡಲು ಹೋದರೆ ಬಟ್ಟಲಿನ ಜೊತೆಗೇ ಎದ್ದು ಬಂದು ಮುದ್ದೆಯಾಗುತ್ತದೆ. ಆರೂ ದೋಸೆ ಹಾಗೇ ಆಯಿತು. ಕೆರೆದು ತೆಗೆದು, ಎರಡು ಸಲ ನೀರು ಹೊಡೆದು ತಣಿಸುವಷ್ಟರಲ್ಲಿ ಒಂದು ಸುತ್ತಿನ ಹೊತ್ತು ಹೋಯಿತು. ಹೊರಗೆ ಹಾರನ್ ಕೇಳಿಸಿತು. ಇಪ್ಪತ್ತಕ್ಕೂ ಹೆಚ್ಚು ಟೋಕನ್ ವಾಪಸ್, ಕ್ಯಾಷಿಯರ್ ದುಡ್ಡು ಎಣಿಸಿ ಕೊಡುತ್ತಿದ್ದ. ಒಬ್ಬ ಅಜ್ಜಿ ಅರ್ಧ ದೋಸೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಓಡಿದರು.

“ಬಸ್ಸು ಯಾಕೆ ಅಷ್ಟು ಬೇಗ ಹೊರಟಿತು? ಇನ್ನೂ ಹದಿನೆಂಟು ನಿಮಿಷ ಆಗಿತ್ತು” ಅಂತ ಯಜಮಾನರು ಕೇಳಿದರು. ಮಾಸ್ಟರ್ರು ನಕ್ಕರು. “ಡ್ರೈವರಿಗೆ ಮೊದಲ್ನೇ ದೋಸೆ ಕೊಟ್ಟು ಕಳಿಸಿದ್ರಲ್ಲ ಭಟ್ರು. ಅವ್ರು ತಿಂದಾಯ್ತು, ಎದ್ದಾಯ್ತು.”

ಮದುವೆಯಲ್ಲಿ ದೊಡ್ಡವರಿಗೆ ಮೊದಲು ಬಡಿಸುವ ರೂಢಿ. ಡ್ರೈವರ್, ಕಂಡಕ್ಟರಿಗೆ ಊಟ ಪುಕ್ಕಟೆ, ಹೋಟೆಲಿಗೆ ಅವರೇ ದೊಡ್ಡವರು ಅಂತ ನಾನು ಹಾಗೆ ಮಾಡಿದ್ದೆ. ಆದರೆ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಗಡಿಯಾರದಲ್ಲಿ ಇಲ್ಲ, ಡ್ರೈವರ್ ತಟ್ಟೆಯಲ್ಲಿದೆ.

ಹನ್ನೆರಡರ ಸುಮಾರಿಗೆ ಇನ್ನೊಂದು ಬಸ್ಸು ಬಂತು. ಈ ಸಲ ಸಪ್ಲೈಯರ್ ಹುಡುಗರನ್ನು ಬಾಗಿಲಿಗೇ ನಿಲ್ಲಿಸಿದೆ. “ಇಡ್ಲಿ ವಡೆ, ರೈಸ್‌ಬಾತ್ ರೆಡಿ ಇದೆ, ದೋಸೆಗೆ ಇಪ್ಪತ್ತು ನಿಮಿಷ” ಅಂತ ಟೋಕನ್ ಕೊಳ್ಳುವ ಮೊದಲೇ ಹೇಳಿಸಿದೆ. ದೋಸೆ ಕೇಳಿದವರು ಹದಿನಾರೇ ಜನ, ಮೂರು ಸುತ್ತು. ಉರಿಯ ನಾಬಿನ ಹತ್ತಿರ ನಾನು ಹೋಗಲಿಲ್ಲ. ಡ್ರೈವರನ್ನು ಫ್ಯಾನಿನ ಕೆಳಗೆ ಕೂರಿಸಿ, ಮೊದಲು ಒಂದು ವಡೆ, ಆಮೇಲೆ ರೈಸ್‌ಬಾತ್, ಕೊನೆಗೆ ಮಜ್ಜಿಗೆ, ನಡುವೆ ನಡುವೆ ‘ಯಾವೂರು ಅಣ್ಣ’ ಅಂತ ಮಾತು. ಇದು ಮೋಸವೋ ಉಪಚಾರವೋ ನನಗೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಅವರಂತೂ ಹೋಗುವಾಗ ಖುಷಿಯಾಗಿ ಬೀಡಾ ಜಗಿಯುತ್ತಿದ್ದರು.

ನಾಲ್ಕಕ್ಕೆ ಕೆಲಸ ತಗ್ಗಿತು. ಮರುದಿನಕ್ಕೆ ಅಕ್ಕಿ ನೆನೆಹಾಕಬೇಕಿತ್ತು. ಹೆಲ್ಪರ್ ಹುಡುಗ ತಕ್ಕಡಿ ಮುಂದೆ ನಿಂತು, “ಎಷ್ಟು ಭಟ್ರೇ?” ಅಂದ. ನಾನು ಊರಿಂದ ತಂದಿದ್ದ ಹಿತ್ತಾಳೆ ಸೇರನ್ನು ಚೀಲದಿಂದ ತೆಗೆದು, ಮತ್ತೆ ಒಳಗಿಟ್ಟೆ. ನಲ್ಲಿಯ ಹತ್ತಿರ ಅಕ್ಕ ಕೊಪ್ಪರಿಗೆ ಉಜ್ಜುತ್ತಿದ್ದರು.

“ಅಕ್ಕಾ, ಹಳೇ ಭಟ್ರು ಭಾನುವಾರಕ್ಕೆ ಎಷ್ಟು ಪಾತ್ರೆ ಹಿಟ್ಟು ಮಾಡ್ತಿದ್ರು?”

“ದೊಡ್ಡದು ಮೂರು, ಸಣ್ಣದು ಎರಡು” ಅಂದರು, ತಲೆ ಎತ್ತದೆ. “ಸಣ್ಣದ್ರಲ್ಲಿ ಒಂದು ಮಿಕ್ತಿತ್ತು.”