3500 ಎಲ್ಲೆಲ್ಲಿ ಅಡಗಿ ಕೂತಿತ್ತು: ಹಳೇ ಪೋಸ್ಟ್ ತಿದ್ದಿದ ನನ್ನ ಅನುಭವ

ಆಲ್ದೂರಿನ ಹತ್ತಿರ ನಮ್ಮ ಭಾವನದ್ದೊಂದು ಹೋಂಸ್ಟೇ ಇದೆ. ಅದರ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವೆಬ್‌ಸೈಟ್ ನೋಡಿಕೊಳ್ಳೋದು ನಾನು. ದಸರಾ ರಜೆಗೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ, ಒಂದು ಭಾನುವಾರ ರಾತ್ರಿ ಭಾವ ಫೋನ್ ಮಾಡಿ, "ಇಬ್ಬರ ರೂಮಿಗೆ ಇನ್ಮೇಲೆ 4200 ಮಾರಾಯ, 3500ಕ್ಕೆ ಗಿಟ್ಟಲ್ಲ" ಅಂದರು. ನಾನು ಹೂಂ ಅಂದು ಮಲಗಿದೆ. ಬೆಳಿಗ್ಗೆ ಏಳು ಗಂಟೆಗೆ, ಹದಿನೈದು ದಿನದ ಹಿಂದೆ ನಾನೇ ಶೆಡ್ಯೂಲ್ ಮಾಡಿಟ್ಟಿದ್ದ "ದಸರಾ ರಜೆಗೆ 3500" ಪೋಸ್ಟ್ ತನ್ನಷ್ಟಕ್ಕೆ ತಾನೇ ಹೋಯಿತು. ಹತ್ತು ಗಂಟೆಯೊಳಗೆ ಎರಡು ಫ್ಯಾಮಿಲಿ ಅದರ ಸ್ಕ್ರೀನ್‌ಶಾಟ್ ಕಳಿಸಿ ರೂಮ್ ಕೇಳಿದರು. ಭಾವ ಹಳೇ ರೇಟಿಗೇ ಕೊಟ್ಟರು, ಮತ್ತೇನು ಮಾಡ್ತಾರೆ.

ಹಾಗಾಗಿ ಮೊದಲು ಮುಟ್ಟಿದ್ದು ಇನ್ನೂ ಹೋಗದೇ ಇದ್ದ ಪೋಸ್ಟ್‌ಗಳನ್ನು. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಶೆಡ್ಯೂಲ್ ಆಗಿದ್ದವು ಇನ್ನೂ ಹನ್ನೊಂದು. ಯಾವುದರಲ್ಲಿ ರೇಟ್ ಇದೆ, ಯಾವುದರಲ್ಲಿ ಇಲ್ಲ ಅಂತ ನೋಡುತ್ತಾ ಕೂರಲಿಲ್ಲ, ಹನ್ನೊಂದನ್ನೂ ಡ್ರಾಫ್ಟ್‌ಗೆ ಹಾಕಿದೆ. ಡಿಲೀಟ್ ಮಾಡಿದ್ದರೆ ಬರೆದದ್ದೆಲ್ಲ ಹೋಗುತ್ತಿತ್ತು. ಆಮೇಲೆ ನಿಧಾನವಾಗಿ ಓದಿದರೆ, ರೇಟ್ ಇದ್ದದ್ದು ನಾಲ್ಕರಲ್ಲಿ ಮಾತ್ರ.

ಹೋಗಿಬಿಟ್ಟ ಪೋಸ್ಟ್‌ಗಳದ್ದೇ ನಿಜವಾದ ತಲೆನೋವು. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ ಯಾವಾಗ ಬೇಕಾದರೂ ತಿದ್ದಬಹುದು, ಆದರೆ ಒಮ್ಮೆ ಹಾಕಿದ ಚಿತ್ರವನ್ನು ಬದಲಿಸೋಕಾಗಲ್ಲ. ನಾನೋ, ಪೋಸ್ಟರ್ ಮೇಲೇ ದಪ್ಪಕ್ಷರದಲ್ಲಿ ರೇಟ್ ಬರೆಸಿದ್ದೆ. ಕೆಲವದರಲ್ಲಿ ಚೆಂದಕ್ಕೆ ಅಂತ ಕನ್ನಡ ಅಂಕಿ: ೩೫೦೦. ಅಂಥವನ್ನು ಡಿಲೀಟ್ ಮಾಡದೆ ಆರ್ಕೈವ್ ಮಾಡಿದೆ. ನೋಡುವವರಿಗೆ ಕಾಣಲ್ಲ, ಲೈಕು, ಕಾಮೆಂಟು ನಮ್ಮ ಹತ್ತಿರ ಉಳಿಯುತ್ತೆ. "ನಿಮ್ಮ ಚಟುವಟಿಕೆ" ಭಾಗಕ್ಕೆ ಹೋದರೆ ಹತ್ತಾರು ಪೋಸ್ಟ್ ಒಟ್ಟಿಗೆ ಆರಿಸಿ ಆರ್ಕೈವ್ ಮಾಡಬಹುದು, ಒಂದೊಂದೇ ತೆರೆಯಬೇಕಿಲ್ಲ. ಫೇಸ್‌ಬುಕ್‌ಗೂ ಅದೇ ಪೋಸ್ಟ್ ಹೋಗಿತ್ತಲ್ಲ, ಇಲ್ಲಿ ತಿದ್ದಿದರೆ ಅಲ್ಲಿ ಬದಲಾಗಲ್ಲ. ಅಲ್ಲಿ ಬೇರೆಯಾಗೇ ಕೂತು ಮಾಡಬೇಕಾಯಿತು. ಪ್ರೊಫೈಲ್‌ನ ಮೇಲೆ ದುಂಡಗೆ ಕೂತಿರುವ ಹೈಲೈಟ್‌ನಲ್ಲಿ ಒಂದು ರೇಟ್ ಕಾರ್ಡ್ ಇದ್ದದ್ದು ನೆನಪಾಗಿದ್ದು ಮೂರನೇ ದಿನ.

ವೆಬ್‌ಸೈಟ್ ಇರೋದು ವರ್ಡ್‌ಪ್ರೆಸ್‌ನಲ್ಲಿ. ಅಲ್ಲಿ ಪೋಸ್ಟ್‌ಗಳಿಗೆಲ್ಲ ಟಿಕ್ ಹಾಕಿ ಬಲ್ಕ್ ಎಡಿಟ್ ಕೊಟ್ಟರೆ ವರ್ಗ, ಲೇಖಕ, ಸ್ಥಿತಿ ಬದಲಾಗುತ್ತೆ, ಒಳಗಿನ ಬರಹ ಬದಲಾಗಲ್ಲ. ಅದಕ್ಕೆ ನಾನು ಹಿಡಿದದ್ದು, ವರ್ಡ್‌ಪ್ರೆಸ್‌ಗೆ ಟರ್ಮಿನಲ್‌ನಿಂದ ಕಮಾಂಡ್ ಕೊಡುವ WP-CLI. ಮೊದಲು `wp db export` ಕೊಟ್ಟು ಡೇಟಾಬೇಸಿನ ಕಾಪಿ ತೆಗೆದುಕೊಂಡೆ. ಬುದ್ಧಿವಂತಿಕೆ ಅಲ್ಲಿಗೇ ಮುಗೀತು. ಯೋಚನೆ ಮಾಡದೆ 3500 ಇದ್ದಲ್ಲೆಲ್ಲ 4200 ಅಂತ ಬದಲಿಸಿಬಿಟ್ಟೆ.

ಮಧ್ಯಾಹ್ನ ಭಾವನ ಫೋನ್. "ಏನ್ ಮಾರಾಯ, ತೋಟ ಏಳುನೂರು ಅಡಿ ಮೇಲಕ್ಕೆ ಹೋಯ್ತಾ?" ನಮ್ಮ ಪರಿಚಯದ ಪುಟದಲ್ಲಿ "ಸಮುದ್ರಮಟ್ಟದಿಂದ 3500 ಅಡಿ ಎತ್ತರದ ಕಾಫಿ ತೋಟ" ಅಂತ ಇತ್ತು. ಅದೂ 4200 ಆಗಿತ್ತು.

ಕಾಪಿ ಇದ್ದದ್ದಕ್ಕೆ ಬಚಾವಾದೆ. ಅದನ್ನು ವಾಪಸ್ ಹಾಕಿ, ಈ ಸಲ ಬರೀ ಅಂಕಿ ಹುಡುಕದೆ ಅದರ ಹಿಂದಿನ "ರೂ." ಸೇರಿಸಿ, ಏನನ್ನೂ ಬದಲಿಸದೆ ಎಷ್ಟು ಕಡೆ ಸಿಗುತ್ತೆ ಅಂತ ಮಾತ್ರ ಹೇಳುವ `--dry-run` ಹಾಕಿದೆ:

```
wp search-replace 'ರೂ. 3500' 'ರೂ. 4200' wp_posts --include-columns=post_content --dry-run
```

ಸಿಕ್ಕಿದ್ದು ಆರು. ನನ್ನ ಲೆಕ್ಕದಲ್ಲಿ ಒಂಬತ್ತು ಇರಬೇಕಿತ್ತು. ಉಳಿದ ಮೂರು ಎಲ್ಲಿ ಅಂತ ಹುಡುಕಿದರೆ, ಒಂದು ಕಡೆ ನಡುವೆ ಕಾಮಾ ಹಾಕಿ "3,500", ಇನ್ನೊಂದು ಕಡೆ "ರೂ" ಆದಮೇಲೆ ಚುಕ್ಕಿ ಇಲ್ಲ, ಮತ್ತೊಂದರಲ್ಲಿ ಅಕ್ಷರದಲ್ಲೇ "ಮೂರೂವರೆ ಸಾವಿರ". ಬರೆದವನೂ ನಾನೇ. ಆ ಮೂರನ್ನು ಕೈಯಲ್ಲೇ ತಿದ್ದಿ, ಆರಕ್ಕೆ `--dry-run` ತೆಗೆದು ಅದೇ ಕಮಾಂಡ್ ಕೊಟ್ಟೆ. ಆದರೂ ಮೊಬೈಲಿನಲ್ಲಿ ಹಳೇ ರೇಟೇ ಕಾಣುತ್ತಿತ್ತು. ಹೀಗೆ ಡೇಟಾಬೇಸಿನೊಳಗೇ ಕೈ ಹಾಕಿ ಬದಲಿಸಿದರೆ, ಪುಟದ ಕಾಪಿ ಇಟ್ಟುಕೊಂಡು ಅದನ್ನೇ ತೋರಿಸುವ ಕ್ಯಾಶ್ ಪ್ಲಗಿನ್‌ಗೆ ಪೋಸ್ಟ್ ಬದಲಾಗಿದೆ ಅಂತ ಗೊತ್ತಾಗಲ್ಲ. ಅದರ ಕ್ಯಾಶ್ ಖಾಲಿ ಮಾಡಿದ ಮೇಲೆ ಸರಿಯಾಯಿತು.

ವಾಟ್ಸಾಪ್ ಮಾತ್ರ ಕೈಗೆ ಸಿಗಲಿಲ್ಲ. ಕಳಿಸಿದ ಮೆಸೇಜ್ ತಿದ್ದೋಕೆ ಅಲ್ಲಿ ಹದಿನೈದೇ ನಿಮಿಷ, ನಾನು ಗುಂಪುಗಳಿಗೆ ಪೋಸ್ಟರ್ ಕಳಿಸಿ ಆಗಲೇ ಎರಡು ವಾರ ಆಗಿತ್ತು. ಅದೇ ಗುಂಪುಗಳಿಗೆ ಹೊಸ ರೇಟು, ಅದು ಯಾವ ತಾರೀಕಿನಿಂದ ಅಂತ ಬರೆದು ಕಳಿಸಿದೆ. ಡ್ರಾಫ್ಟ್‌ನಲ್ಲಿದ್ದ ಹನ್ನೊಂದನ್ನು ಮತ್ತೆ ಶೆಡ್ಯೂಲ್ ಮಾಡುವಾಗ ಪೋಸ್ಟರ್‌ಗಳಿಂದ ರೇಟನ್ನೇ ತೆಗೆದು, "ಇವತ್ತಿನ ದರಕ್ಕೆ ವೆಬ್‌ಸೈಟ್ ನೋಡಿ" ಅಂತ ಹಾಕಿದ್ದೇನೆ. ಪೋಸ್ಟರ್ ಬೋಳುಬೋಳು ಕಾಣುತ್ತೆ ಅಂತ ಅಕ್ಕ ಇನ್ನೂ ಗೊಣಗುತ್ತಾಳೆ.