ತೆರಿಗೆ ಕಟ್ಟಬೇಕಿಲ್ಲದ ಅಮ್ಮನಿಗೆ ರಿಟರ್ನ್ ಸಲ್ಲಿಸಿದ್ದು

ಸಾಗರದ ಸುತ್ತಮುತ್ತ ಅಡಿಕೆ ಬೆಳೆಗಾರರ ತೆರಿಗೆ ಕೆಲಸ ಮಾಡಿಕೊಂಡು ಬಂದಿರುವ ನನಗೆ ಹೆಚ್ಚಾಗಿ ಕೇಳಿಬರುವ ಮಾತು ಒಂದೇ: "ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ, ನಮಗೆ ರಿಟರ್ನ್ ಯಾಕೆ?" ಮಾತಿನ ಮೊದಲರ್ಧ ಸರಿ. ಆದರೆ ಆ ಕೃಷಿ ಹಣ ನಗದಾಗಿ ಬ್ಯಾಂಕಿಗೆ ಹೋಗಿ, ಅಲ್ಲಿಂದ ನಿವೇಶನವಾಗಿ ಬದಲಾದ ವರ್ಷದಲ್ಲಿ ಎರಡನೆಯ ಅರ್ಧಕ್ಕೆ ನನ್ನ ಉತ್ತರ ಬೇರೆ. 2023-24ರಲ್ಲಿ ನಮ್ಮ ಮನೆಯಲ್ಲೇ ಹಾಗಾಯಿತು.

ಅಮ್ಮನ ಹೆಸರಿನಲ್ಲಿ ಮೂರು ಎಕರೆ ತೋಟವಿದೆ. ಆ ವರ್ಷ ಅಡಿಕೆ ಮಾರಿದ ಹಣದಲ್ಲಿ 11,10,000 ರೂಪಾಯಿಯನ್ನು ಅವರು ಉಳಿತಾಯ ಖಾತೆಗೆ ನಗದಾಗಿ ಕಟ್ಟಿದರು. ಶಿವಮೊಗ್ಗದಲ್ಲಿ 36 ಲಕ್ಷಕ್ಕೆ ಒಂದು ನಿವೇಶನವನ್ನು ನನ್ನ ತಮ್ಮನ ಜೊತೆ ಜಂಟಿಯಾಗಿ ಕೊಂಡರು. ತೆರಿಗೆಗೆ ಒಳಪಡುವ ಆದಾಯವೆಂದರೆ ಠೇವಣಿಯ ಬಡ್ಡಿ 1,62,000 ಮಾತ್ರ. ತೆರಿಗೆ ಬೀಳದ ಆಗಿನ ಮೂರು ಲಕ್ಷದ ಮಿತಿಗಿಂತ ಬಹಳ ಕೆಳಗೆ.

ಕಾನೂನಿನ ಪ್ರಕಾರ ಅವರು ರಿಟರ್ನ್ ಸಲ್ಲಿಸಲೇಬೇಕಾಗಿತ್ತೇ? ಇಲ್ಲ. ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಕಡ್ಡಾಯವಾಗುವ ಕೆಲವು ಸಂದರ್ಭಗಳಿವೆ: ಉಳಿತಾಯ ಖಾತೆಗಳಿಗೆ ವರ್ಷದಲ್ಲಿ ಒಟ್ಟು 50 ಲಕ್ಷ ಅಥವಾ ಹೆಚ್ಚು ಜಮೆಯಾದರೆ, ಚಾಲ್ತಿ ಖಾತೆಗೆ ಒಂದು ಕೋಟಿ ಮೀರಿದರೆ, ವಿದೇಶ ಪ್ರವಾಸಕ್ಕೆ ಎರಡು ಲಕ್ಷ ಅಥವಾ ವಿದ್ಯುತ್ ಬಿಲ್ಲಿಗೆ ಒಂದು ಲಕ್ಷ ಮೀರಿ ಖರ್ಚಾದರೆ, ಇತ್ಯಾದಿ. ಅಮ್ಮ ಇವು ಯಾವುದಕ್ಕೂ ಸೇರುತ್ತಿರಲಿಲ್ಲ. ಆದರೆ ಆ ವರ್ಷ ವರದಿಯ ಮಿತಿಗಳು ಇದಕ್ಕಿಂತ ತೀರಾ ಕಡಿಮೆ ಇದ್ದವು. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಬಿದ್ದರೆ ಬ್ಯಾಂಕು, 30 ಲಕ್ಷ ಅಥವಾ ಹೆಚ್ಚಿನ ಸ್ಥಿರಾಸ್ತಿ ನೋಂದಣಿಯಾದರೆ ಉಪನೋಂದಣಾಧಿಕಾರಿ ಮುಂದಿನ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕಿತ್ತು. ಅಂದರೆ ಅಮ್ಮ ಹೇಳಲಿ ಬಿಡಲಿ, ಎರಡೂ ವ್ಯವಹಾರ ಅವರ ಪ್ಯಾನ್ ಸಂಖ್ಯೆಯ ಎದುರು ದಾಖಲಾಗುತ್ತವೆ. ದಾಖಲಾಗದಿರುವುದು ಹಣ ಎಲ್ಲಿಂದ ಬಂತು ಎಂಬುದು. ಅದನ್ನು ಹೇಳಬೇಕಾದವರು ನಾವು.

ಮೂಲ ತೋರಿಸಲಾಗದ ನಗದಿಗೆ ಆ ವರ್ಷ ತೆರಿಗೆ ಶೇ. 60 ಇತ್ತು. ಅದರ ಮೇಲೆ ಸರ್‌ಚಾರ್ಜ್, ಸೆಸ್ ಸೇರಿ ಶೇ. 78. ಮೂರು ಲಕ್ಷದ ವಿನಾಯಿತಿ ಇದಕ್ಕೆ ಅನ್ವಯಿಸುತ್ತಿರಲಿಲ್ಲ. ಅಮ್ಮನ ಜಮೆಗೆ ಲೆಕ್ಕ ಹಾಕಿದರೆ 8,65,800 ರೂಪಾಯಿ. ಈ ಅಂಕಿಯನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ "ಇಲ್ಲದ ಉಸಾಬರಿ ಯಾಕೆ" ಎನ್ನುತ್ತಿದ್ದ ತಮ್ಮ ಸುಮ್ಮನಾದ.

ಜೂನ್‌ನಲ್ಲಿ ಇ-ಫೈಲಿಂಗ್ ತಾಣದಲ್ಲಿ ಅಮ್ಮನ ವಾರ್ಷಿಕ ಮಾಹಿತಿ ಪಟ್ಟಿಯನ್ನು, ಅಂದರೆ ಎಐಎಸ್ ಅನ್ನು, ತೆರೆದೆ. SFT-004 ಎಂಬ ಸಂಕೇತದಡಿ ನಗದು ಜಮೆ, SFT-012 ಅಡಿಯಲ್ಲಿ ನಿವೇಶನ ಕಾಣಿಸಿದವು. ನಿವೇಶನದ ಎದುರು ಪೂರ್ತಿ 36 ಲಕ್ಷ ಇತ್ತು. ತಮ್ಮನ ಪಟ್ಟಿಯಲ್ಲೂ ಅಷ್ಟೇ ಇತ್ತು. ಜೊತೆಗೆ ಅಮ್ಮನ 11,10,000 ನಗದೂ ಅವನ ಹೆಸರಿಗೆ ಬಂದಿತ್ತು, ಏಕೆಂದರೆ ಆ ಉಳಿತಾಯ ಖಾತೆ ಜಂಟಿ ಖಾತೆ. ಇದು ಬ್ಯಾಂಕಿನವರ ತಪ್ಪಲ್ಲ. ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ಪೂರ್ತಿ ಮೊತ್ತವನ್ನು ಪ್ರತಿಯೊಬ್ಬರ ಎದುರೂ ತೋರಿಸಬೇಕೆಂದು ನಿಯಮವೇ ಹೇಳುತ್ತದೆ. ಅನುಕೂಲಕ್ಕೆಂದು ಮಗನ ಹೆಸರನ್ನು ಖಾತೆಗೆ ಸೇರಿಸುವ ತಾಯಂದಿರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ತಮ್ಮನ ಪಟ್ಟಿಯಲ್ಲಿ ನಗದಿನ ಸಾಲನ್ನು ಒತ್ತಿ, ಈ ಮಾಹಿತಿ ಬೇರೊಂದು ಪ್ಯಾನ್‌ಗೆ ಸೇರಿದ್ದು ಎಂಬ ಆಯ್ಕೆಯಡಿ ಅಮ್ಮನ ಸಂಖ್ಯೆ ಕೊಟ್ಟೆ. ನಿವೇಶನದ ಮೊತ್ತ ಪೂರ್ತಿ ಸರಿಯಿಲ್ಲವೆಂದು ಇಬ್ಬರಲ್ಲೂ ಸೂಚಿಸಿ ತಲಾ 18 ಲಕ್ಷ ಎಂದು ತಿದ್ದಿದೆ. ಹೀಗೆ ಮಾಡಿದರೆ ಮೂಲ ಅಂಕಿ ಅಳಿಸಿಹೋಗುವುದಿಲ್ಲ. ನಾವು ಹೇಳಿದ್ದು ಅದರ ಪಕ್ಕದಲ್ಲಿ ಕೂರುತ್ತದೆ. ಹಾಗಾಗಿ ಪ್ರತಿಕ್ರಿಯೆ ಕೊಟ್ಟ ರಸೀದಿಯನ್ನು ಇಳಿಸಿಕೊಂಡು ಇಟ್ಟುಕೊಂಡೆ.

ಆಮೇಲೆ ರಿಟರ್ನ್. "ನಗದು ಜಮೆ ಎಷ್ಟು, ನಿವೇಶನ ಎಷ್ಟಕ್ಕೆ ಕೊಂಡಿರಿ" ಎಂದು ಕೇಳುವ ಅಂಕಣ ಇದರಲ್ಲಿ ಎಲ್ಲಿದೆ ಎಂದು ಬಹಳ ಜನ ಹುಡುಕುತ್ತಾರೆ. ಅಮ್ಮನಂಥವರಿಗೆ ಅಂಥ ಅಂಕಣವೇ ಇಲ್ಲ. ನಾವು ತೋರಿಸುವುದು ಮೂಲವನ್ನು. ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಐಟಿಆರ್-2 ಬೇಕು. ಅದರ Schedule EI ಎಂಬ ಭಾಗದಲ್ಲಿ ಒಟ್ಟು ಕೃಷಿ ಆದಾಯವನ್ನೂ ಅದಕ್ಕೆ ತಗಲಿದ ಖರ್ಚನ್ನೂ ಬರೆಯಬೇಕು. ನಿವ್ವಳ ಐದು ಲಕ್ಷ ಮೀರಿದರೆ ಜಮೀನಿರುವ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯದ್ದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಕೊಡಬೇಕು.

ಅಮ್ಮನ ಲೆಕ್ಕ ಹೀಗಿತ್ತು. 32 ಕ್ವಿಂಟಾಲ್ ಅಡಿಕೆ, ಕ್ವಿಂಟಾಲಿಗೆ ಸರಾಸರಿ 46,250ರಂತೆ 14,80,000. ಎಲ್ಲವೂ ನಗದೇ. ಆದರೆ ಬೇರೆ ಬೇರೆ ತಿಂಗಳಲ್ಲಿ ಎಂಟು ಸಲ ಮಾರಿದ್ದರಿಂದ ಮಂಡಿಯ ಪ್ರತಿ ಮಾರಾಟ ಪಟ್ಟಿಯೂ ಎರಡು ಲಕ್ಷದೊಳಗಿತ್ತು. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆದರೆ ಪಡೆದವರಿಗೇ ಅಷ್ಟೇ ಮೊತ್ತದ ದಂಡ ಬೀಳಬಹುದು. ರೈತರೆಂದು ರಿಯಾಯಿತಿ ಇಲ್ಲ. ಕೊಯಿಲು, ಸುಲಿತ, ಗೊಬ್ಬರ, ಮದ್ದು ಎಂದು 4,30,000 ಖರ್ಚು. ನಿವ್ವಳ 10,50,000. ವರ್ಷದ ಆರಂಭದಲ್ಲಿ ಕೈಯಲ್ಲಿದ್ದ ಹಳೆಯ ಅಡಿಕೆಯ ಹಣ 2,10,000. ಮನೆಗೆ ಬಳಸಿದ್ದು 1,20,000. ಕೂಡಿ ಕಳೆದರೆ 11,40,000 ಉಳಿಯಬೇಕು. ಬ್ಯಾಂಕಿಗೆ ಕಟ್ಟಿದ್ದು 11,10,000, ಕೈಯಲ್ಲಿ 30,000. ಈ ಒಂದು ಪುಟವೇ ನನ್ನ ದೃಷ್ಟಿಯಲ್ಲಿ ರಿಟರ್ನ್‌ಗಿಂತ ಮುಖ್ಯವಾದ ಕಾಗದ.

ನಿವೇಶನದ ಕಡೆಯೂ ಹೀಗೆಯೇ ಹೊಂದಿಸಿದೆ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸುಮಾರು 2,40,000 ಆಗಿತ್ತು. ಅದನ್ನು ಮರೆಯುವವರೇ ಹೆಚ್ಚು. ಒಟ್ಟು 38,40,000ರಲ್ಲಿ ಅಮ್ಮನ ಪಾಲು 19,20,000: ಜಮೆಯಾದ 11,10,000, ಅವಧಿ ಮುಗಿದ ಠೇವಣಿಯ 8,10,000. ತಮ್ಮನ ಪಾಲು ಸಾಲ ಮತ್ತು ಉಳಿತಾಯದಿಂದ. ಮಾರಿದವರಿಗೆ ಎಲ್ಲವೂ ಬ್ಯಾಂಕಿನ ಮೂಲಕವೇ ಹೋಯಿತು.

ರಿಟರ್ನ್ ಸಲ್ಲಿಸುವ ಮುನ್ನ ಪಹಣಿ ತೆಗೆಸಿ ನೋಡುವುದು ನನ್ನ ಪದ್ಧತಿ. ತೋಟವಾಗಿ ಎಷ್ಟೋ ವರ್ಷವಾದರೂ ಬೆಳೆಯ ಅಂಕಣದಲ್ಲಿ ಭತ್ತ ಎಂದೇ ಉಳಿದಿರುವುದುಂಟು. ಆಗ ಹತ್ತು ಲಕ್ಷದ ಅಡಿಕೆ ಆದಾಯವನ್ನು ನಂಬಿಸುವುದು ಕಷ್ಟ. ಬೆಳೆ ಸಮೀಕ್ಷೆಯಲ್ಲಿ ಸರಿಪಡಿಸಿಕೊಳ್ಳಬೇಕು. ಜಮೀನು ಇನ್ನೂ ತೀರಿಕೊಂಡವರ ಹೆಸರಿನಲ್ಲಿದ್ದರೆ ಪೌತಿ ಖಾತೆ ಮೊದಲು. ಇನ್ನೊಂದು ಸಂಗತಿ: ಚೇಣಿ ಹಿಡಿದು ಬೇರೆಯವರ ಫಸಲನ್ನು ಕೊಂಡು ಸಂಸ್ಕರಿಸಿ ಮಾರುವವರು ಆ ಲಾಭವನ್ನು ಕೃಷಿ ಆದಾಯವೆಂದು ಬರೆಯುವಂತಿಲ್ಲ. ಅದು ವ್ಯಾಪಾರ. ನನ್ನ ಬಳಿ ಬಂದ ಒಬ್ಬರಿಗೆ ಈ ಮಾತು ರುಚಿಸಲಿಲ್ಲ, ಫೈಲು ಎತ್ತಿಕೊಂಡು ಹೋದರು.

ನಗದನ್ನು ಒಂಬತ್ತೊಂಬತ್ತು ಲಕ್ಷದಂತೆ ಬೇರೆ ಬೇರೆ ಬ್ಯಾಂಕಿಗೆ ಹಂಚುವ ಉಪಾಯವನ್ನೂ ನಾನು ಹೇಳಿಕೊಡುವುದಿಲ್ಲ. ವರದಿ ತಪ್ಪಬಹುದು, ಆದರೆ ಆ ಹಣವೇ ನಿವೇಶನವಾದಾಗ ನೋಂದಣಿ ಕಚೇರಿಯಿಂದ ವರದಿ ಹೋಗುತ್ತದೆ. ಆಗ ಪ್ರಶ್ನೆಯ ಜೊತೆಗೆ ಹಂಚಿದ್ದೇಕೆ ಎಂಬ ಅನುಮಾನವೂ ಬರುತ್ತದೆ.

ಜುಲೈ 31ರೊಳಗೆ ಸಲ್ಲಿಸಿ ಆಧಾರ್ ಒಟಿಪಿಯಿಂದ ದೃಢೀಕರಿಸಿದೆ. ತೆರಿಗೆ ಸೊನ್ನೆ. ಬಡ್ಡಿಯ ಮೇಲೆ ಬ್ಯಾಂಕು ಹಿಡಿದಿದ್ದ 16,200 ವಾಪಸ್ ಬಂತು. ಮರುಪಾವತಿ ಬಂದಿತೆಂದರೆ ಇಲಾಖೆ ಮೂಲವನ್ನು ಒಪ್ಪಿತು ಎಂದರ್ಥವಲ್ಲ. ವರ್ಷಗಳ ನಂತರವೂ ಕೇಳಬಹುದು. ಮಂಡಿಯ ಪಟ್ಟಿಗಳ ಶಾಯಿ ಒಂದೆರಡು ಮಳೆಗಾಲಕ್ಕೇ ಮಾಸುತ್ತದೆ. ಎಂಟನ್ನೂ ನೆರಳಚ್ಚು ಮಾಡಿಸಿ, ಪಹಣಿ, ಪಾಸ್‌ಪುಸ್ತಕ, ಕ್ರಯಪತ್ರದ ಪ್ರತಿ ಮತ್ತು ಆ ಒಂದು ಪುಟದ ಲೆಕ್ಕದೊಂದಿಗೆ ಒಂದೇ ಫೈಲಿನಲ್ಲಿ ಇಟ್ಟಿದ್ದೇನೆ.